ಮೊಳೆ ಸಿಗದ ಪಂಕ್ಚರ್

ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದ್ದಿದಾಗ ಎಲ್ಲರ ಕಣ್ಣೂ ಗುಳ್ಳೆಯ ಮೇಲಿರುತ್ತದೆ. ಗುಳ್ಳೆ ಏಳುತ್ತಿರುವುದು ಟ್ಯೂಬಿನ ಯಾವ ಮಗ್ಗುಲಲ್ಲಿ ಎಂದು ನೋಡುವವರು ಕಡಿಮೆ. ರಸ್ತೆಯ ಮೊಳೆ ಟೈರನ್ನು ದಾಟಿ ಟ್ಯೂಬಿನ ಹೊರಮೈಗೆ ಚುಚ್ಚುತ್ತದೆ. ತೂತು ಒಳಮೈಯಲ್ಲಿ, ಅಂದರೆ ವಾಲ್ವ್ ಇರುವ ಕಡೆ ಇದ್ದರೆ, ಚುಚ್ಚಿದ್ದು ರಸ್ತೆಯಲ್ಲ, ಚಕ್ರವೇ.

ಕಡ್ಡಿ ಚಕ್ರದ ಬೈಕುಗಳಲ್ಲಿ ಪ್ರತಿ ಕಡ್ಡಿಯ ತುದಿಯೂ ರಿಮ್ಮಿನ ರಂಧ್ರದಲ್ಲಿ ಕೂತ ನಿಪ್ಪಲ್‌ಗೆ ತಿರುಪಿಕೊಂಡಿರುತ್ತದೆ. ನಿಪ್ಪಲ್‌ನ ತಲೆ ರಿಮ್ಮಿನ ಒಳಗೆ, ಟ್ಯೂಬ್ ಕೂರುವ ಜಾಗದಲ್ಲೇ ಎದ್ದಿರುತ್ತದೆ. 36 ಕಡ್ಡಿಯ 18 ಇಂಚಿನ ರಿಮ್ಮಿನಲ್ಲಿ ಸುಮಾರು 4 ಸೆಂಟಿಮೀಟರಿಗೊಂದು ತಲೆ. 30 ಪಿಎಸ್‌ಐ ಆಸುಪಾಸಿನ ಗಾಳಿ ಟ್ಯೂಬನ್ನು ಇವುಗಳ ಮೇಲೆ ಸದಾ ಒತ್ತುತ್ತಿರುತ್ತದೆ. ನಡುವೆ ಅಡ್ಡ ನಿಲ್ಲುವುದು ಒಂದು ತೆಳು ರಬ್ಬರ್ ಪಟ್ಟಿ, ಅಂಗಡಿಯವರು ರಿಮ್ ಟೇಪ್ ಅನ್ನುವುದು ಇದಕ್ಕೇ. ಟೈರ್, ಟ್ಯೂಬ್ ಎರಡನ್ನೂ ಬದಲಾಯಿಸಿದಾಗಲೂ ಇದನ್ನು ಯಾರೂ ಮುಟ್ಟುವುದಿಲ್ಲ.

ಹಾಲಿನ ಕ್ಯಾನ್ ಸಾಗಿಸುವ ಒಂದು ಹಳೆಯ 100 ಸಿಸಿ ಬೈಕಿನ ಕಥೆ ಕೇಳಿ. ಹಿಂದಿನ ಚಕ್ರ ಸಂಜೆ ಸರಿಯಿರುತ್ತಿತ್ತು, ಬೆಳಿಗ್ಗೆ ಹೊತ್ತಿಗೆ ಗಾಳಿ ಇಳಿದಿರುತ್ತಿತ್ತು. ಟೈರಿನೊಳಗೆ ಕೈಯಾಡಿಸಿದರೆ ಮೊಳೆಯೂ ಇಲ್ಲ, ಮುಳ್ಳೂ ಇಲ್ಲ. ಎರಡು ಸಲ ಪ್ಯಾಚ್ ಹಾಕಿದ ಅಂಗಡಿಯವನು ಮೂರನೇ ಸಲ, “ಅಣ್ಣಾ, ಟ್ಯೂಬ್ ಹಳೇದಾಗಿದೆ, ಹೊಸದು ಹಾಕಿಸಿಬಿಡಿ” ಅಂದ. ಹೊಸ ಟ್ಯೂಬ್ ನಾಲ್ಕೇ ದಿನಕ್ಕೆ ಇಳಿಯಿತು. ಗುಟ್ಟು ಬಯಲಾಗಿದ್ದು ಇಲ್ಲೇ. ಹೊಸ ಟ್ಯೂಬಿನ ತೂತೂ ಒಳಮೈಯಲ್ಲಿತ್ತು, ವಾಲ್ವ್‌ನಿಂದ ಹಳೆಯದರಲ್ಲಿದ್ದಷ್ಟೇ ದೂರದಲ್ಲಿತ್ತು. ವಾಲ್ವನ್ನು ರಿಮ್ಮಿನ ರಂಧ್ರಕ್ಕೆ ಸರಿಯಾಗಿ ಹೊಂದಿಸಿ ಟ್ಯೂಬನ್ನು ಬರಿಯ ರಿಮ್ಮಿನ ಮೇಲೆ ಸುತ್ತಿ ನೋಡಿದರೆ ತೂತು ನೇರ ಒಂದು ನಿಪ್ಪಲ್ ಮೇಲೆ ಬಂತು. ಆ ಪಟ್ಟಿಯ ವಾಲ್ವ್ ತೂತು ಹರಿದು, ಪಟ್ಟಿ ಒಂದು ಬದಿಗೆ ಸರಿದಿತ್ತು. ಎಳೆದು ನೋಡಿದರೆ ರಬ್ಬರ್ ಹಪ್ಪಳದಂತೆ ಮುರಿಯಿತು.

ಅದಕ್ಕೂ ಸ್ವಲ್ಪ ದಿನ ಮುಂಚೆ ಚಕ್ರದ ಬೆಂಡ್ ತೆಗೆಸಿದ್ದರಂತೆ. ಸಡಿಲ ಕಡ್ಡಿಯನ್ನು ಬಿಗಿ ಮಾಡಿದಷ್ಟೂ ಅದರ ತುದಿ ನಿಪ್ಪಲ್ ಒಳಗೆ ಮೇಲೇರುತ್ತದೆ, ಕೊನೆಗೆ ತಲೆಯನ್ನೂ ದಾಟಿ ಹೊರಗೆ ಇಣುಕುತ್ತದೆ. ಗಟ್ಟಿ ಪಟ್ಟಿ ಇದ್ದರೆ ಒಂದಿಷ್ಟು ಕಾಲ ತಡೆದೀತು. ಬಿಸಿಲು, ಬ್ರೇಕಿನ ಶಾಖ, ಒಳಗೆ ಸೇರಿದ ನೀರು, ರಿಮ್ಮಿನ ತುಕ್ಕು ಇವೆಲ್ಲ ಸೇರಿ ಬಿರುಕು ಬಿಡಿಸಿದ ಪಟ್ಟಿ ತಡೆಯಲಾರದು. ಒಮ್ಮೆಲೇ ಚುಚ್ಚಬೇಕೆಂದೂ ಇಲ್ಲ. ಭಾರ ಹೊತ್ತು ಓಡುವಾಗ ಟ್ಯೂಬ್ ಅಲ್ಪಸ್ವಲ್ಪ ಜರುಗುತ್ತಾ ಅದೇ ಅಂಚಿಗೆ ಉಜ್ಜಿ ಸವೆಯುತ್ತದೆ. ಆ ಜಾಗಕ್ಕೆ ಎಂಥ ಪ್ಯಾಚ್ ಅಂಟಿಸಿದರೂ ಅದು ಮತ್ತೆ ಅದೇ ನಿಪ್ಪಲ್ ಮೇಲೆಯೇ ಹೋಗಿ ಕೂರುತ್ತದೆ.

ರಿಪೇರಿ ದೊಡ್ಡ ಕೆಲಸವಲ್ಲ, ಆದರೆ ಟೈರನ್ನು ರಿಮ್ಮಿನಿಂದ ಪೂರ್ತಿ ಕಳಚಬೇಕು. ಸಾಮಾನ್ಯ ಪಂಕ್ಚರಿನಲ್ಲಿ ಒಂದು ಬದಿಯನ್ನಷ್ಟೇ ಎಬ್ಬಿಸಿ ಟ್ಯೂಬ್ ಎಳೆಯುತ್ತಾರೆ, ಪಟ್ಟಿ ಕಣ್ಣಿಗೆ ಬೀಳದೆ ಉಳಿಯುವುದಕ್ಕೆ ಇದೂ ಕಾರಣ. ಹಳೆಯ ಪಟ್ಟಿ ತೆಗೆದು, ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಪ್ರತಿ ನಿಪ್ಪಲ್ ಮೇಲೂ ಬೆರಳಾಡಿಸಿ ನೋಡಬೇಕು. ತಾಗುವ ಕಡ್ಡಿತುದಿಯನ್ನು ಅರದಿಂದ ತಲೆಯ ಮಟ್ಟಕ್ಕೆ ಉಜ್ಜಿ ನುಣುಪು ಮಾಡಿ, ಉದುರಿದ ಲೋಹದ ಪುಡಿಯನ್ನು ಒಂದು ಚೂರೂ ಬಿಡದೆ ಒರೆಸಬೇಕು. ಬಿಟ್ಟರೆ ಅದೇ ಮುಂದಿನ ಪಂಕ್ಚರ್. ಹೊಸ ಪಟ್ಟಿ ರಿಮ್ಮಿನ ಇಂಚಿಗೂ ಅಗಲಕ್ಕೂ ಹೊಂದಬೇಕು: ಕಿರಿದಾದರೆ ಪಕ್ಕದ ನಿಪ್ಪಲ್ ಬಯಲಾಗುತ್ತದೆ, ಅತಿ ಅಗಲವಾದರೆ ಟೈರಿನ ಅಂಚು ಕೂರುವ ಜಾಗಕ್ಕೆ ಹತ್ತಿ ಮಡಚಿಕೊಳ್ಳುತ್ತದೆ. ಬೆಲೆ ಟ್ಯೂಬಿಗಿಂತ ಎಷ್ಟೋ ಕಡಿಮೆ, ಹಾಗಾಗಿ ಟೈರ್ ಬದಲಾಯಿಸುವಾಗಲೆಲ್ಲ ಇದನ್ನೂ ಬದಲಾಯಿಸುವುದೇ ಸರಿ ಎಂದು ನನ್ನ ಅಭಿಪ್ರಾಯ. ಎಲೆಕ್ಟ್ರಿಕ್ ಕೆಲಸದ ಕಪ್ಪು ಟೇಪ್ ಸುತ್ತಿ ಕಳಿಸುವವರಿದ್ದಾರೆ. ಬಿಸಿಗೆ ಅದರ ಅಂಟು ಕರಗಿ ಟೇಪ್ ಜಾರುತ್ತದೆ. ಹಳೆಯ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ ಮನೆ ಮುಟ್ಟಿಸೀತು, ಅಷ್ಟೇ.

ಒಳಮೈಯ ತೂತೆಲ್ಲವೂ ಪಟ್ಟಿಯ ತಪ್ಪಲ್ಲ ಎಂಬುದೂ ನೆನಪಿರಲಿ. ಟೈರ್ ಹಾಕುವಾಗ ಲಿವರಿಗೆ ಸಿಕ್ಕಿದ ಟ್ಯೂಬಿನಲ್ಲಿ ಹೆಚ್ಚಾಗಿ ಅಕ್ಕಪಕ್ಕ ಎರಡು ಸೀಳು ಕಾಣುತ್ತವೆ, ಅದೂ ರಿಪೇರಿಯಾದ ಸ್ವಲ್ಪ ಹೊತ್ತಿಗೇ ಗಾಳಿ ಇಳಿಸುತ್ತದೆ. ವಾಲ್ವ್‌ನ ಬುಡದಲ್ಲೇ ಟ್ಯೂಬ್ ಹರಿದಿದ್ದರೆ, ಗಾಳಿ ಕಡಿಮೆ ಇಟ್ಟು ಓಡಿಸಿ ಟೈರಿನ ಜೊತೆ ಟ್ಯೂಬೂ ರಿಮ್ಮಿನ ಮೇಲೆ ಜರುಗಿದೆ ಎಂದೇ ಶಂಕಿಸಬೇಕು. ಅಂಥ ಚಕ್ರದಲ್ಲಿ ವಾಲ್ವ್ ನೆಟ್ಟಗಿರದೆ ಒಂದು ಕಡೆಗೆ ವಾಲಿರುತ್ತದೆ, ಟೈರ್ ಬಿಚ್ಚದೆಯೇ ಹೊರಗಿನಿಂದ ಕಾಣುತ್ತದೆ.