ಗುಂಯ್‌ಗುಡುವ ಬಾಸ್, ಮಂಕಾದ ಬಾಸ್

ಸಬ್‌ವೂಫರ್ ಇರುವ ಹೋಮ್ ಥಿಯೇಟರ್ ಆಂಪ್ಲಿಫೈಯರ್‌ನ ಮುಚ್ಚಳ ಬಿಚ್ಚಿದರೆ, ಹೀಟ್‌ಸಿಂಕ್‌ಗೆ ಬಿಗಿದ ದೊಡ್ಡ ಐಸಿಗಳಿಂದ ತುಸು ದೂರದಲ್ಲಿ ಅಂಗೈ ಅಗಲವೂ ಇಲ್ಲದ ಒಂದು ಬೋರ್ಡ್ ಸಾಮಾನ್ಯವಾಗಿ ಕಾಣುತ್ತದೆ. ಅದರ ಮೇಲೆ 4558 ಅಂತ ಬರೆದಿರುವ ಎಂಟು ಕಾಲಿನ ಐಸಿ, ಅದರ ಸುತ್ತ ಒಂದಷ್ಟು ರೆಸಿಸ್ಟರ್, ಒಂದಷ್ಟು ಕೆಪಾಸಿಟರ್. ಹಾಡಿನಲ್ಲಿರುವ ಡ್ರಮ್ಮಿನ ಗುದ್ದು, ಬಾಸ್ ಗಿಟಾರ್, ತಬಲಾದ ಎಡಗೈ ಪೆಟ್ಟು ಇವನ್ನು ಸಬ್‌ವೂಫರ್‌ಗೆ ಬಿಟ್ಟು, ಹಾಡುವವರ ದನಿಯನ್ನು ತಡೆಯುವುದು ಈ ಬೋರ್ಡಿನ ಕೆಲಸ. ಇದೇ ಲೋ ಪಾಸ್ ಫಿಲ್ಟರ್.

ಒಂದೇ ಸ್ಪೀಕರ್, ಒಂದೇ ಪೆಟ್ಟಿಗೆ, ಒಂದೇ ಆಂಪ್ಲಿಫೈಯರ್ ಇದ್ದರೂ, ಒಂದು ಬೋರ್ಡ್ ಹಾಕಿದಾಗ ಬಾಸ್ ಗುಂಯ್‌ಗುಡುತ್ತದೆ, ಇನ್ನೊಂದು ಹಾಕಿದಾಗ ಮಂಕಾಗಿ ಕೇಳುತ್ತದೆ. ಎರಡೂ ಬೋರ್ಡುಗಳ ಕಟ್‌ಆಫ್ ಲೆಕ್ಕ ಹಾಕಿದರೆ ಉತ್ತರ ಒಂದೇ ಬರಬಹುದು. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು? ಎರಡು ಪುಟ್ಟ ಕೆಪಾಸಿಟರ್‌ಗಳ ನಡುವಿನ ಅನುಪಾತದಿಂದ. ಆ ಒಂದು ಸಂಗತಿಯನ್ನೇ ಇಲ್ಲಿ ನಿಧಾನವಾಗಿ ಬಿಡಿಸಿ ನೋಡೋಣ.

ಮೊದಲು ತೀರಾ ಸರಳವಾದ ಫಿಲ್ಟರ್. ಸಿಗ್ನಲ್ ಬರುವ ದಾರಿಯಲ್ಲಿ 10 ಕಿಲೋಓಮ್‌ನ ಒಂದು ರೆಸಿಸ್ಟರ್, ಅದರ ಆಚೆ ತುದಿಯಿಂದ ಗ್ರೌಂಡ್‌ಗೆ 150 ನ್ಯಾನೊಫ್ಯಾರಡ್‌ನ ಒಂದು ಕೆಪಾಸಿಟರ್. ಸುಮಾರು 106 ಹರ್ಟ್ಜ್‌ನಿಂದ ಮೇಲಕ್ಕೆ ಇದು ಸಿಗ್ನಲನ್ನು ಇಳಿಸತೊಡಗುತ್ತದೆ. ಆದರೆ ಇಳಿತ ಬಹಳ ನಿಧಾನ. ಫ್ರೀಕ್ವೆನ್ಸಿ ಎರಡು ಪಟ್ಟಾದಾಗ ಸಿಗ್ನಲ್ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಹತ್ತು ಪಟ್ಟಾದಾಗ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಅಷ್ಟು ಉಳಿದರೆ ಸಬ್‌ವೂಫರ್ ಒಳಗೆ ಯಾರೋ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾತಾಡುತ್ತಿರುವ ಹಾಗೆ ದನಿ ಕೇಳುತ್ತದೆ. ನಮಗೆ ಬೇಕಾದದ್ದು ಎರಡು ಪಟ್ಟಿಗೆ ಕಾಲು ಭಾಗ, ಹತ್ತು ಪಟ್ಟಿಗೆ ನೂರರಲ್ಲಿ ಒಂದು. ಇಷ್ಟು ಕಡಿದಾಗಿ ಇಳಿಯುವುದನ್ನು ಸೆಕೆಂಡ್ ಆರ್ಡರ್ ಅನ್ನುತ್ತಾರೆ.

ಇಂಥವೇ ಎರಡು ಜೋಡಿಗಳನ್ನು ಒಂದರ ಹಿಂದೆ ಒಂದು ಬೆಸುಗೆ ಹಾಕಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ದೂರದಲ್ಲಿ ಇಳಿತ ಕಡಿದಾಗಿಯೇ ಸಿಗುತ್ತದೆ. ತೊಂದರೆ ಇರುವುದು ತಿರುವಿನಲ್ಲಿ. ಎರಡನೆಯ ಜೋಡಿ ಮೊದಲನೆಯದರ ಮೇಲೆ ಭಾರ ಹಾಕುತ್ತದೆ, ಹಾಗಾಗಿ ಸಿಗ್ನಲ್ 40 ಹರ್ಟ್ಜ್ ಹೊತ್ತಿಗೇ ಮೂರು ಡೆಸಿಬೆಲ್ ಕಳೆದುಕೊಂಡಿರುತ್ತದೆ. ಬೇಡದ್ದನ್ನು ತಡೆಯಲು ಹೋಗಿ ಬೇಕಾದ ಬಾಸನ್ನೇ ತಿಂದುಹಾಕಿದಂತಾಯಿತು. ತಿರುವು ಚುರುಕಾಗಿರಬೇಕೆಂದರೆ ಹಳೆಯ ದಾರಿ ಕಾಯಿಲ್. ಆದರೆ ಎಂಟು ಓಮ್ ಸ್ಪೀಕರ್‌ನ ಮುಂದೆ 100 ಹರ್ಟ್ಜ್‌ಗೆ ಈ ಕೆಲಸ ಮಾಡಲು ಸುಮಾರು 18 ಮಿಲಿಹೆನ್ರಿಯ ಕಾಯಿಲ್ ಮತ್ತು 140 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಬೇಕು. ಅಷ್ಟು ದೊಡ್ಡ ಕಾಯಿಲ್ ಅಂದರೆ ಕೆಜಿಗಟ್ಟಲೆ ತಾಮ್ರ, ಇಲ್ಲವೇ ಕಬ್ಬಿಣದ ಕೋರ್. ದುಡ್ಡೂ ಹೆಚ್ಚು, ತೂಕವೂ ಹೆಚ್ಚು.

ಕಾಯಿಲ್ ಇಲ್ಲದೆಯೇ ಈ ತಿರುವನ್ನು ಪಡೆಯುವ ಅನುಕೂಲದ ದಾರಿಯನ್ನು ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದ ಸ್ಯಾಲನ್ ಮತ್ತು ಕೀ 1955ರಲ್ಲಿ ಪ್ರಕಟಿಸಿದರು. ಆಗ ವ್ಯಾಕ್ಯೂಮ್ ಟ್ಯೂಬ್‌ಗಳ ಕಾಲ. ಇವತ್ತು ಟ್ಯೂಬ್ ಇದ್ದ ಜಾಗದಲ್ಲಿ ಆಪ್-ಆಂಪ್ ಕೂತಿದೆ, ಸರ್ಕ್ಯೂಟ್ ಮಾತ್ರ ಅದೇ.

ಅದರ ಜೋಡಣೆ ಹೀಗೆ. ಇನ್‌ಪುಟ್‌ನಿಂದ ಎರಡು ರೆಸಿಸ್ಟರ್‌ಗಳು ಸಾಲಾಗಿ ಹೋಗಿ ಆಪ್-ಆಂಪ್‌ನ ಪ್ಲಸ್ ಕಾಲಿಗೆ ಸೇರುತ್ತವೆ. ಪ್ಲಸ್ ಕಾಲಿನಿಂದ ಗ್ರೌಂಡ್‌ಗೆ ಒಂದು ಕೆಪಾಸಿಟರ್. ಇದನ್ನು ಕೆಳಗಿನದು ಎನ್ನೋಣ. ಔಟ್‌ಪುಟ್ ಕಾಲನ್ನು ಮೈನಸ್ ಕಾಲಿಗೆ ನೇರವಾಗಿ ಜೋಡಿಸಿರುವುದರಿಂದ, ಪ್ಲಸ್ ಕಾಲಿನಲ್ಲಿ ಎಷ್ಟು ವೋಲ್ಟೇಜ್ ಇದೆಯೋ ಅಷ್ಟೇ ಔಟ್‌ಪುಟ್‌ನಲ್ಲಿ ಸಿಗುತ್ತದೆ. ಇನ್ನೊಂದು ಕೆಪಾಸಿಟರ್ ಗ್ರೌಂಡ್‌ಗೆ ಹೋಗುವುದಿಲ್ಲ. ಅದರ ಒಂದು ತುದಿ ಎರಡು ರೆಸಿಸ್ಟರ್‌ಗಳ ನಡುವಿನ ಕೂಡಿಗೆ, ಇನ್ನೊಂದು ತುದಿ ಔಟ್‌ಪುಟ್‌ಗೆ. ಇದು ಮೇಲಿನದು. ಇಡೀ ಸರ್ಕ್ಯೂಟ್‌ನ ಜಾಣತನ ಇರುವುದು ಈ ಮೇಲಿನ ಕೆಪಾಸಿಟರ್‌ನಲ್ಲಿ.

ಸಿಗ್ನಲ್ 20 ಹರ್ಟ್ಜ್‌ನಷ್ಟು ನಿಧಾನವಾಗಿದ್ದಾಗ ಇನ್‌ಪುಟ್, ಕೂಡಿ, ಔಟ್‌ಪುಟ್ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಮೇಲಿನ ಕೆಪಾಸಿಟರ್‌ನ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಇದ್ದರೆ ಅದರೊಳಗೆ ಕರೆಂಟ್ ಹರಿಯುವುದಿಲ್ಲ. ಅದು ಇದ್ದೂ ಇಲ್ಲದಂತೆ. ಸಿಗ್ನಲ್ 1000 ಹರ್ಟ್ಜ್ ಆದಾಗ ಔಟ್‌ಪುಟ್ ಬಹುತೇಕ ಸುಮ್ಮನಿರುತ್ತದೆ. ಆಗ ಮೇಲಿನ ಕೆಪಾಸಿಟರ್‌ಗೆ ಔಟ್‌ಪುಟ್ ತುದಿಯೇ ಗ್ರೌಂಡ್ ಇದ್ದ ಹಾಗೆ, ಎರಡೂ ಕೆಪಾಸಿಟರ್‌ಗಳು ಸೇರಿ ಸಿಗ್ನಲನ್ನು ಕೆಳಗೆಳೆಯುತ್ತವೆ. ಇವೆರಡರ ನಡುವೆ, ಕಟ್‌ಆಫ್‌ನ ಆಸುಪಾಸಿನಲ್ಲಿ, ಔಟ್‌ಪುಟ್‌ನಿಂದ ಹಿಂದಕ್ಕೆ ಬಂದ ಸಿಗ್ನಲ್ ಸರಿಯಾದ ಹೊತ್ತಿಗೆ ಕೂಡಿಗೆ ತಲುಪಿ, ಕುಗ್ಗಲಿದ್ದ ಸಿಗ್ನಲನ್ನು ಎತ್ತಿಹಿಡಿಯುತ್ತದೆ. ಜೋಕಾಲಿ ಹಿಂದಕ್ಕೆ ಬಂದು ತಿರುಗುವ ಕ್ಷಣಕ್ಕೆ ಸರಿಯಾಗಿ ಬೆನ್ನಿಗೊಂದು ತಳ್ಳು ಕೊಟ್ಟಂತೆ. ತಳ್ಳು ಹದವಾಗಿದ್ದರೆ ತಿರುವು ಚೊಕ್ಕಟ. ಕಡಿಮೆಯಾದರೆ ಹಳೆಯ ಸೋಮಾರಿ ತಿರುವೇ ಉಳಿಯುತ್ತದೆ. ಜಾಸ್ತಿಯಾದರೆ ಸಿಗ್ನಲ್ ನಿಂತ ಮೇಲೂ ತೂಗಾಟ ಮುಂದುವರಿಯುತ್ತದೆ. ಈ ತೂಗಾಟವನ್ನು ಅಡಗಿಸುವ ಗುಣವೇ ಡ್ಯಾಂಪಿಂಗ್. ಅದನ್ನು ತಲೆಕೆಳಗು ಮಾಡಿ ಅಳೆಯುವ ಅಂಕಿ ಕ್ಯೂ. ಕ್ಯೂ ಹೆಚ್ಚಾದಷ್ಟೂ ಡ್ಯಾಂಪಿಂಗ್ ಕಡಿಮೆ.

ಎರಡು ರೆಸಿಸ್ಟರ್‌ಗಳೂ ಒಂದೇ ಬೆಲೆಯವಾದರೆ ಲೆಕ್ಕ ತುಂಬಾ ಹಗುರ. ಮೇಲಿನ ಕೆಪಾಸಿಟರ್ C1, ಕೆಳಗಿನದು C2:

f = 1 / (2π R √(C1 × C2))

Q = ½ √(C1 / C2)

ಮೊದಲ ಸೂತ್ರದಲ್ಲಿ ಕೆಪಾಸಿಟರ್‌ಗಳು ಗುಣಲಬ್ಧವಾಗಿ ಬಂದಿವೆ, ಎರಡನೆಯದರಲ್ಲಿ ಅನುಪಾತವಾಗಿ. ಅಂದರೆ ಗುಣಲಬ್ಧ ಬದಲಾಗದಂತೆ ನೋಡಿಕೊಂಡರೆ ಫ್ರೀಕ್ವೆನ್ಸಿ ಅಲುಗದೆ ಡ್ಯಾಂಪಿಂಗ್ ಮಾತ್ರ ಬದಲಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಬೆಲೆಗಳಲ್ಲೇ ಇದನ್ನು ಕಣ್ಣಾರೆ ನೋಡಬಹುದು. ಎರಡೂ ರೆಸಿಸ್ಟರ್ 10 ಕಿಲೋಓಮ್ ಇರಲಿ. ಮೇಲೆ 220 ನ್ಯಾನೊ, ಕೆಳಗೆ 100 ನ್ಯಾನೊ ಹಾಕಿದರೆ ಫ್ರೀಕ್ವೆನ್ಸಿ 107 ಹರ್ಟ್ಜ್, ಕ್ಯೂ 0.74. ಈಗ ಅವನ್ನು ತೆಗೆದು ಮೇಲೆ 470, ಕೆಳಗೆ 47 ಹಾಕಿ. ಗುಣಲಬ್ಧ ಹೆಚ್ಚುಕಡಿಮೆ ಅದೇ, ಹಾಗಾಗಿ ಫ್ರೀಕ್ವೆನ್ಸಿ 107 ಹರ್ಟ್ಜೇ. ಆದರೆ ಕ್ಯೂ 1.58ಕ್ಕೆ ಏರಿತು.

ಈ ಸರ್ಕ್ಯೂಟ್‌ನಲ್ಲಿ ಒಂದು ಸೊಗಸಾದ ಅನುಕೂಲವಿದೆ. ಸರಿಯಾಗಿ ಆ ಫ್ರೀಕ್ವೆನ್ಸಿಯಲ್ಲಿ ಇನ್‌ಪುಟ್‌ಗೆ 1 ವೋಲ್ಟ್ ಕೊಟ್ಟರೆ ಔಟ್‌ಪುಟ್‌ನಲ್ಲಿ ಕ್ಯೂ ಎಷ್ಟೋ ಅಷ್ಟು ವೋಲ್ಟ್ ಬರುತ್ತದೆ. ಟೋನ್ ಜನರೇಟರ್ ಆ್ಯಪ್ ಇರುವ ಮೊಬೈಲ್‌ನ ಹೆಡ್‌ಫೋನ್ ಔಟ್‌ಪುಟ್ ಮತ್ತು 2 ವೋಲ್ಟ್ ಎಸಿ ರೇಂಜ್ ಇರುವ ಮಲ್ಟಿಮೀಟರ್ ಇದ್ದರೆ ಅಳೆದೇ ನೋಡಬಹುದು. ಮೊದಲ ಜೋಡಿಗೆ ಇನ್‌ಪುಟ್‌ನ 0.74 ಪಟ್ಟು, ಎರಡನೆಯದಕ್ಕೆ 1.58 ಪಟ್ಟು. ಕೊಟ್ಟದ್ದಕ್ಕಿಂತ ಹೆಚ್ಚು ಬರುವ ಈ ಉಬ್ಬೇ ಗುಂಯ್‌ಗುಡುವ ಬಾಸ್. ಅದರ ಜೊತೆಗೆ ಇನ್ನೊಂದು ದೋಷವೂ ಬರುತ್ತದೆ. ಇನ್‌ಪುಟ್ ಒಮ್ಮೆಲೇ ಏರಿ ನಿಂತಾಗ ಔಟ್‌ಪುಟ್ ಅಲ್ಲಿಗೇ ನಿಲ್ಲದೆ ಶೇಕಡ 35ರಷ್ಟು ಮೇಲಕ್ಕೆ ಹಾರಿ, ಹಿಂದೆ ಮುಂದೆ ತೂಗಾಡಿ ಆಮೇಲೆ ನಿಲ್ಲುತ್ತದೆ. ಡ್ರಮ್ಮಿಗೆ ಬಿದ್ದ ಒಂದೇ ಪೆಟ್ಟಿಗೆ ಬಾಲ ಬೆಳೆದಂತೆ ಕೇಳುವುದು ಇದರಿಂದ. ಕ್ಯೂ 0.707 ಇದ್ದರೆ ಉಬ್ಬಿಲ್ಲದೆ, ಆದಷ್ಟು ದೂರ ಸಪಾಟಾಗಿ ಸಾಗಿ ಇಳಿಯುವ ತಿರುವು ಸಿಗುತ್ತದೆ. 1930ರಲ್ಲಿ ಬ್ರಿಟನ್ನಿನ ಸ್ಟೀಫನ್ ಬಟರ್‌ವರ್ತ್ ವಿವರಿಸಿದ ತಿರುವು ಇದೇ. ಅದಕ್ಕೆ ಮೇಲಿನ ಕೆಪಾಸಿಟರ್ ಕೆಳಗಿನದರ ಸರಿಯಾಗಿ ಎರಡು ಪಟ್ಟಿರಬೇಕು. ಅಂಗಡಿಯಲ್ಲಿ 200 ನ್ಯಾನೊ ಸಾಮಾನ್ಯವಾಗಿ ಸಿಗದ ಕಾರಣ 220 ಹಾಕುತ್ತೇವೆ, ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಬೆಸುಗೆ ಹಾಕುವಾಗ ಎರಡೂ ಕೆಪಾಸಿಟರ್ ಅದಲುಬದಲಾದರೆ ಏನಾಗುತ್ತದೆ ಎಂಬುದನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ಈ ತಪ್ಪು ಹೊರಗಿನಿಂದ ಕಾಣುವುದೇ ಇಲ್ಲ. ಮೇಲೆ 100, ಕೆಳಗೆ 220 ಬಂದಿದೆ ಎನ್ನಿ. ಗುಣಲಬ್ಧ ಅದೇ, ಸೂತ್ರ ಈಗಲೂ 107 ಎಂದೇ ಹೇಳುತ್ತದೆ, ಬೋರ್ಡ್ ಕೆಲಸವನ್ನೂ ಮಾಡುತ್ತದೆ. ಆದರೆ ಕ್ಯೂ 0.34ಕ್ಕೆ ಕುಸಿದಿರುತ್ತದೆ. ಸಿಗ್ನಲ್ ಮೂರು ಡೆಸಿಬೆಲ್ ಇಳಿಯುವ ಜಾಗ 112 ಹರ್ಟ್ಜ್‌ನಿಂದ 41ಕ್ಕೆ ಜಾರುತ್ತದೆ. ಕಾಯಿಲ್ ಇಲ್ಲದೆ ಎರಡು ಜೋಡಿಗಳನ್ನು ಸುಮ್ಮನೆ ಸಾಲಾಗಿ ಹಚ್ಚಿದ್ದಕ್ಕೂ ಇದಕ್ಕೂ ಹೆಚ್ಚು ಫರಕಿಲ್ಲ. ಆಪ್-ಆಂಪ್ ಹಾಕಿದ ಪ್ರಯೋಜನವೇ ಸಿಗಲಿಲ್ಲ. ಬಾಸ್ ಮಂಕಾದಾಗ ಸ್ಪೀಕರನ್ನು ಬೈಯುವ ಮೊದಲು ದೊಡ್ಡ ಬೆಲೆಯ ಕೆಪಾಸಿಟರ್ ಔಟ್‌ಪುಟ್ ಕಾಲಿಗೆ ಹೋಗಿದೆಯೇ ಎಂದು ನೋಡಬೇಕು. 224 ಎಂದರೆ 220 ನ್ಯಾನೊ, 104 ಎಂದರೆ 100 ನ್ಯಾನೊ.

ಕೆಲವು ಬೋರ್ಡ್‌ಗಳಲ್ಲಿ ಎರಡೂ ಕೆಪಾಸಿಟರ್ ಒಂದೇ ಬೆಲೆಯವಾಗಿರುತ್ತವೆ. ಅಲ್ಲಿ ತಳ್ಳಿನ ಹದವನ್ನು ಆಪ್-ಆಂಪ್‌ನ ಗೇನ್‌ನಿಂದ ಹೊಂದಿಸಿರುತ್ತಾರೆ: ಮೈನಸ್ ಕಾಲಿನಿಂದ ಗ್ರೌಂಡ್‌ಗೆ 10 ಕಿಲೋಓಮ್, ಔಟ್‌ಪುಟ್‌ನಿಂದ ಮೈನಸ್ ಕಾಲಿಗೆ 5.6 ಕಿಲೋಓಮ್. ಗೇನ್ 1.56. ಇಲ್ಲಿ ಕ್ಯೂ ಸಿಗುವುದು ಮೂರರಿಂದ ಗೇನನ್ನು ಕಳೆದು, ಬಂದದ್ದರಿಂದ ಒಂದನ್ನು ಭಾಗಿಸಿದಾಗ, ಅಂದರೆ 0.69. ಬಾಸ್ ಸಾಲದು ಎಂದು 5.6ರ ಜಾಗಕ್ಕೆ 18 ಕಿಲೋಓಮ್ ಹಾಕಿದರೆ ಗೇನ್ 2.8, ಕ್ಯೂ ಒಮ್ಮೆಲೇ 5. 22 ಹಾಕಿದರೆ ಗೇನ್ ಮೂರನ್ನು ದಾಟಿ, ಹಾಡೇ ಇಲ್ಲದಿದ್ದರೂ ಸರ್ಕ್ಯೂಟ್ ತನ್ನಷ್ಟಕ್ಕೆ ಹೂಂಕರಿಸುತ್ತದೆ. ಈ ಜೋಡಣೆಯಲ್ಲಿ ಸೌಂಡ್ ಹೆಚ್ಚಿಸಬೇಕಾದರೆ ಫಿಲ್ಟರ್ ಆದಮೇಲೆ ಬೇರೆ ಹಂತದಲ್ಲಿ ಹೆಚ್ಚಿಸಬೇಕು. ಮೊದಲಿನ ಜೋಡಣೆ ಹೀಗೆ ಕೈಕೊಡುವುದಿಲ್ಲ. ಅದರ ಮೇಲಿನ ಕೆಪಾಸಿಟರ್ ಶೇಕಡ 10 ಹೆಚ್ಚಿದ್ದು, ಕೆಳಗಿನದು ಶೇಕಡ 10 ಕಡಿಮೆ ಇದ್ದರೂ ಕ್ಯೂ 0.74ರಿಂದ 0.82ಕ್ಕೆ ಏರುತ್ತದೆ, ಅಷ್ಟೆ. ಮನೆಯಲ್ಲಿ ಕಟ್ಟುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಸಬ್‌ವೂಫರ್‌ನ ಮುಂದೆ ಫ್ರೀಕ್ವೆನ್ಸಿ ಬದಲಿಸುವ ನಾಬ್ ಇಡಬೇಕೆಂದರೆ ಎರಡು ರೆಸಿಸ್ಟರ್‌ಗಳನ್ನೂ ಒಟ್ಟಿಗೇ ಬದಲಿಸಬೇಕು. ಒಂದೇ ಶಾಫ್ಟ್‌ನಲ್ಲಿ ಎರಡು ಪಾಟ್ ಇರುವ ಸ್ಟೀರಿಯೊ ಪಾಟ್ ಅಲ್ಲಿರುವುದು ಇದಕ್ಕೇ. ಎರಡೂ ಕಡೆ 10 ಕಿಲೋಓಮ್‌ನ ಜೊತೆಗೆ 10 ಕಿಲೋಓಮ್ ಪಾಟ್ ಸಾಲಾಗಿ ಸೇರಿಸಿದರೆ 107ರಿಂದ 54 ಹರ್ಟ್ಜ್‌ವರೆಗೆ ತಿರುಗಿಸಬಹುದು. ಕ್ಯೂ ಕೆಪಾಸಿಟರ್‌ಗಳ ಅನುಪಾತದಲ್ಲಿ ಕೂತಿರುವುದರಿಂದ ನಾಬ್ ಎಲ್ಲಿದ್ದರೂ ಅದು ಕದಲುವುದಿಲ್ಲ.

ವಾಲ್ಯೂಮ್ ಪಾಟನ್ನು ಮಾತ್ರ ಫಿಲ್ಟರ್‌ನ ಮುಂದೆ ನೇರವಾಗಿ ಇಡಬಾರದು. 50 ಕಿಲೋಓಮ್ ಪಾಟ್‌ನ ಸಿಗ್ನಲ್ ಅರ್ಧಕ್ಕಿಳಿಯುವ ಜಾಗದಲ್ಲಿ ಅದರೊಳಗಿನ 12.5 ಕಿಲೋಓಮ್ ಮೊದಲ ರೆಸಿಸ್ಟರ್‌ಗೆ ಸೇರಿಕೊಳ್ಳುತ್ತದೆ. 107 ಇದ್ದದ್ದು 72 ಹರ್ಟ್ಜ್ ಆಗುತ್ತದೆ, ವಾಲ್ಯೂಮ್ ತಿರುಗಿಸಿದಂತೆಲ್ಲ ಕಟ್‌ಆಫ್ ಓಡಾಡುತ್ತದೆ. 4558ರ ಒಳಗೆ ಎರಡು ಆಪ್-ಆಂಪ್‌ಗಳಿವೆ. ಒಂದರಲ್ಲಿ ಫಿಲ್ಟರ್ ಕಟ್ಟಿ, ಇನ್ನೊಂದರ ಔಟ್‌ಪುಟ್ ಮತ್ತು ಮೈನಸ್ ಕಾಲನ್ನು ಕೂಡಿಸಿ ಪಾಟ್ ಮತ್ತು ಫಿಲ್ಟರ್‌ನ ನಡುವೆ ಬಫರ್ ಆಗಿ ನಿಲ್ಲಿಸಿದರೆ ಈ ತೊಂದರೆ ತಪ್ಪುತ್ತದೆ.