ಬಾಡಿಗೆ ಇಳಿಸಿ ಎನ್ನುವ ಮುನ್ನ ಪಕ್ಕದ ಬೀದಿ ಸುತ್ತಿ

‘ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಸಾರ್’ ಎಂದು ಕೇಳಿದರೆ ಮನೆ ಮಾಲೀಕರ ಉತ್ತರ ಸಿದ್ಧವಾಗಿರುತ್ತದೆ: ‘ಈ ಏರಿಯಾದಲ್ಲಿ ಇದೇ ರೇಟು.’ ಆ ಮಾತು ಎಷ್ಟು ನಿಜ ಎಂದು ತಿಳಿಯಲು ಅದೇ ಏರಿಯಾದಲ್ಲಿ ಒಂದು ಸಂಜೆ ಓಡಾಡಿದರೆ ಸಾಕು.

ಬೆಂಗಳೂರಿನ ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮನೆಯೊಂದು ನಿಮಗೆ ಹಿಡಿಸಿತು ಎಂದುಕೊಳ್ಳಿ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಕಾರು ನಿಲ್ಲಿಸಲು ಜಾಗವಿದೆ, ಕಾವೇರಿ ನೀರು ಬರುತ್ತದೆ. ಬಾಡಿಗೆ 28,000, ಮೇಂಟೆನೆನ್ಸ್ 1,500. ಅಂದರೆ ತಿಂಗಳಿಗೆ ಕೈಬಿಡುವುದು 29,500 ರೂಪಾಯಿ. ಹೋಲಿಕೆಗೆ ಹಿಡಿಯಬೇಕಾದದ್ದು ಈ ಒಟ್ಟು ಮೊತ್ತವನ್ನೇ.

ಸುತ್ತಲಿನ ಬೀದಿಗಳಲ್ಲಿ ಅಷ್ಟೇ ದೊಡ್ಡದಾದ ಮೂರು ಮನೆಗಳು ಖಾಲಿ ಇವೆ. ಮೊದಲನೆಯದು ಮೂರನೇ ಮಹಡಿ, ಬೈಕಿಗೆ ಮಾತ್ರ ಜಾಗ, ಎಲ್ಲ ಸೇರಿ 25,000. ಎರಡನೆಯದಕ್ಕೆ ಲಿಫ್ಟೂ ಇದೆ, ಕಾರು ಪಾರ್ಕಿಂಗೂ ಇದೆ. ಎಲ್ಲ ಸೇರಿ 28,000. ಮೂರನೆಯದು 22,000, ಆದರೆ ಅಲ್ಲಿ ಕಾವೇರಿ ಸಂಪರ್ಕವಿಲ್ಲ, ಟ್ಯಾಂಕರ್ ನೀರೇ ಗತಿ. ಅದನ್ನು ಪಟ್ಟಿಯಿಂದ ಕೈಬಿಡಿ. ಅದನ್ನು ತೋರಿಸಿದರೆ ಮಾಲೀಕರು ಉಳಿದೆರಡನ್ನೂ ನಂಬುವುದಿಲ್ಲ. ನಿಮ್ಮ ಮನೆ ಮೊದಲೆರಡರ ನಡುವಿನದು, ನ್ಯಾಯವಾದ ಬೆಲೆಯೂ ನಡುವೆಯೇ: ಸುಮಾರು 26,500.

ಆನ್‌ಲೈನ್ ಜಾಹೀರಾತು ನೋಡಿದ್ದರೆ ಫೋನ್ ಮಾಡಿ ಮನೆ ಇನ್ನೂ ಖಾಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೋದ ಮನೆಯ ಜಾಹೀರಾತು ಎಷ್ಟೋ ದಿನ ಹಾಗೇ ಉಳಿದಿರುತ್ತದೆ.

ಮನೆ ನೋಡಿ ಬಂದ ಮೇಲೆ, ಟೋಕನ್ ಅಡ್ವಾನ್ಸ್ ಕೊಡುವ ಮೊದಲು ವಾಟ್ಸಾಪ್‌ನಲ್ಲಿ ಹೀಗೆ ಬರೆಯಬಹುದು:

‘ನಮಸ್ಕಾರ ಸಾರ್. ನಿನ್ನೆ ಮನೆ ನೋಡಿದೆವು, ಎಲ್ಲರಿಗೂ ಇಷ್ಟವಾಯಿತು. ಹತ್ತಿರದಲ್ಲೇ ಇನ್ನೆರಡು ಮನೆ ನೋಡಿದ್ದೇವೆ. ಲಿಫ್ಟ್, ಕಾರು ಪಾರ್ಕಿಂಗ್ ಇರುವುದಕ್ಕೆ ಎಲ್ಲ ಸೇರಿ 28,000, ಎರಡೂ ಇಲ್ಲದ್ದಕ್ಕೆ 25,000 ಹೇಳಿದ್ದಾರೆ. ನಿಮ್ಮ ಮನೆಗೆ ಮೇಂಟೆನೆನ್ಸ್ ಸೇರಿ 26,500 ಆಗಬಹುದೇ? ಒಪ್ಪಿದರೆ ಒಂದನೇ ತಾರೀಕಿಗೇ ಬರುತ್ತೇವೆ. ಕಡಿಮೆ ಎಂದರೂ ಎರಡು ವರ್ಷ ಇರುವ ಯೋಚನೆ ಇದೆ.’

ಇಲ್ಲಿ ಮನೆಯನ್ನು ಹಳಿದಿಲ್ಲ, ನಿಮ್ಮ ಕಷ್ಟವನ್ನೂ ತೋಡಿಕೊಂಡಿಲ್ಲ. ಕೊನೆಯ ಎರಡು ವಾಕ್ಯಗಳೇ ಹೆಚ್ಚು ಕೆಲಸ ಮಾಡುತ್ತವೆ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಮಾಲೀಕರಿಗೆ 28,000 ನಷ್ಟ. ತಿಂಗಳಿಗೆ 2,000 ಬಿಟ್ಟುಕೊಟ್ಟರೂ 11 ತಿಂಗಳ ಕರಾರಿಗೆ ಹೋಗುವುದು 22,000 ಮಾತ್ರ. ಈ ಲೆಕ್ಕ ಅವರಿಗೂ ಗೊತ್ತು. ಬೋರ್ಡು ಹಾಕಿ ತಿಂಗಳಾಗಿದ್ದರೆ ಇನ್ನೂ ಚೆನ್ನಾಗಿ ಗೊತ್ತು.

ಬೋರ್ಡು ನಿನ್ನೆಯಷ್ಟೇ ಬಿದ್ದಿದ್ದು, ಮೆಟ್ಟಿಲಲ್ಲಿ ಇನ್ನೊಂದು ಕುಟುಂಬ ಎದುರಾದರೆ ಬಾಡಿಗೆ ಇಳಿಯುವುದು ಕಷ್ಟ. ಆಗ ಅಡ್ವಾನ್ಸ್ ಕಡಿಮೆ ಮಾಡಲು, ಇಲ್ಲವೇ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯದಿರಲು ಕೇಳಿ. ಏನೇ ಒಪ್ಪಿದರೂ ಅದನ್ನು ಕರಾರಿನಲ್ಲಿ ಬರೆಸಿಯೇ ಸಹಿ ಹಾಕಿ.