ಒಂದು ಬಿಟ್ಟಿಗೆ ಆರು ಡೆಸಿಬಲ್

ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬರುವ ಮುಂಚೆ ಅದನ್ನು ಜೊತೆಯಾಗಿ ರೂಪಿಸಿದ ಫಿಲಿಪ್ಸ್ ಮತ್ತು ಸೋನಿ ಕಂಪನಿಗಳ ನಡುವೆ ಒಂದು ಅಂಕಿಯ ಬಗ್ಗೆ ಹಗ್ಗಜಗ್ಗಾಟ ನಡೆದಿತ್ತು. ಧ್ವನಿಯ ಒಂದೊಂದು ಅಳತೆಯನ್ನೂ 14 ಬಿಟ್‌ಗಳಲ್ಲಿ ಬರೆದಿಟ್ಟರೆ ಸಾಕು ಎಂದಿತ್ತು ಫಿಲಿಪ್ಸ್; 16 ಬೇಕು ಎಂದು ಪಟ್ಟು ಹಿಡಿದಿತ್ತು ಸೋನಿ. ಕೊನೆಗೆ ಸೋನಿಯ ಮಾತೇ ನಡೆಯಿತು. ಆ ಎರಡು ಬಿಟ್‌ಗಳಿಂದ ದಕ್ಕಿದ್ದು 12 ಡೆಸಿಬಲ್. ಈ ಲೆಕ್ಕ ಎಲ್ಲಿಂದ ಬರುತ್ತದೆ ಎಂದು ನೋಡಲು ಸ್ವಲ್ಪ ಗುಣಾಕಾರ ಗೊತ್ತಿದ್ದರೆ ಸಾಕು.

ಮೈಕಿನಿಂದ ಬರುವ ವೋಲ್ಟೇಜ್ ಎಷ್ಟು ಬೇಕಾದರೂ ಇರಬಹುದು, ಆದರೆ ಅದನ್ನು ಬರೆದಿಡಲು ಇರುವ ಅಂಕಿಗಳು ಎಣಿಸಿದಷ್ಟೇ. ಹಾಗಾಗಿ ಪ್ರತಿ ಅಳತೆಯನ್ನೂ ಹತ್ತಿರದ ಮೆಟ್ಟಿಲಿಗೆ ಸರಿಸಬೇಕು. ಮೆಟ್ಟಿಲುಗಳೆಲ್ಲ ಒಂದೇ ಎತ್ತರದ್ದಾಗಿದ್ದರೆ ಅದು ಏಕರೂಪದ ಕ್ವಾಂಟೈಸರ್. ಅಂಗಡಿಯಲ್ಲಿ ಚಿಲ್ಲರೆ ಇಲ್ಲದೆ ಬಿಲ್ಲನ್ನು ಹತ್ತಿರದ ರೂಪಾಯಿಗೆ ತಂದು ನಿಲ್ಲಿಸುವ ಹಾಗೆಯೇ ಇದು: ತಪ್ಪು ಒಮ್ಮೆ ಹೆಚ್ಚಿನ ಕಡೆಗೆ, ಒಮ್ಮೆ ಕಡಿಮೆಯ ಕಡೆಗೆ, ಆದರೆ ಎಂದೂ ಐವತ್ತು ಪೈಸೆ ಮೀರುವುದಿಲ್ಲ. ಸಂಗೀತದಲ್ಲಿ ಈ ಚಿಲ್ಲರೆ ತಪ್ಪುಗಳೆಲ್ಲ ಸೇರಿ ಕಿವಿಗೆ ‘ಸುಯ್’ ಎಂಬ ಸದ್ದಾಗುತ್ತವೆ. ಅದೇ ಕ್ವಾಂಟೈಸೇಶನ್ ಗದ್ದಲ.

ಅದರ ಬಲವನ್ನು ಅಳೆಯುವುದು ಹೀಗೆ. ಮೆಟ್ಟಿಲಿನ ಎತ್ತರ Δ ಆಗಿದ್ದರೆ ತಪ್ಪು ಸೊನ್ನೆಯಿಂದ Δ/2ರವರೆಗೆ ಎಷ್ಟು ಬೇಕಾದರೂ ಇರಬಹುದು, ಎಲ್ಲಕ್ಕೂ ಸಮಾನ ಅವಕಾಶ. ಹೀಗೆ ಸಮನಾಗಿ ಹರಡಿದ ಸಂಖ್ಯೆಗಳ ವರ್ಗಗಳ ಸರಾಸರಿ, ಅತಿ ದೊಡ್ಡದರ ವರ್ಗದ ಮೂರನೇ ಒಂದು ಭಾಗ. Δ/2ರ ವರ್ಗ Δ²/4. ಅದನ್ನು ಮೂರರಿಂದ ಭಾಗಿಸಿದರೆ Δ²/12. ಈ ವಿಷಯಕ್ಕೆ ಗಟ್ಟಿ ಗಣಿತದ ತಳಪಾಯ ಹಾಕಿದವರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಬ್ಲ್ಯೂ. ಆರ್. ಬೆನೆಟ್ ಒಬ್ಬರು, ಅವರ ಲೇಖನ ಬಂದದ್ದು 1948ರಲ್ಲಿ.

ಮೂರೇ ಬಿಟ್ ಇಟ್ಟುಕೊಂಡು ಲೆಕ್ಕ ಹಾಕೋಣ. ಮೂರು ಬಿಟ್ ಅಂದರೆ ಎಂಟು ಮೆಟ್ಟಿಲು. ಮೈನಸ್ 1ರಿಂದ ಪ್ಲಸ್ 1 ವೋಲ್ಟ್‌ವರೆಗಿನ ಹರವನ್ನು ಎಂಟು ಪಾಲು ಮಾಡಿದರೆ ಮೆಟ್ಟಿಲು 0.25 ವೋಲ್ಟ್. ಗದ್ದಲದ ಬಲ 0.0625/12, ಅಂದರೆ ಸುಮಾರು 0.0052. ಇಡೀ ಹರವನ್ನು ತುಂಬುವ ಶುದ್ಧ ಸೈನ್ ಅಲೆಯ ಬಲ 0.5. ಅಲೆ ಗದ್ದಲಕ್ಕಿಂತ 96 ಪಟ್ಟು ಬಲವಾಗಿದೆ, ಡೆಸಿಬಲ್‌ನಲ್ಲಿ 19.8. ಇನ್ನೊಂದು ಬಿಟ್ ಸೇರಿಸಿದರೆ ಮೆಟ್ಟಿಲು ಅರ್ಧವಾಗುತ್ತದೆ, ಅದರ ವರ್ಗ ಕಾಲು ಭಾಗಕ್ಕೆ ಇಳಿಯುತ್ತದೆ, 96 ಇದ್ದದ್ದು 384 ಆಗುತ್ತದೆ. ನಾಲ್ಕು ಪಟ್ಟು ಬಲವೆಂದರೆ 6.02 ಡೆಸಿಬಲ್. ಆರರ ಗುಟ್ಟು ಇಷ್ಟೇ. N ಬಿಟ್‌ಗಳಿಗೆ ಇಂಜಿನಿಯರುಗಳು ಬರೆಯುವ ಸೂತ್ರ 6.02N + 1.76. ಹದಿನಾರಕ್ಕೆ 98 ಡೆಸಿಬಲ್, ಹದಿನಾಲ್ಕಕ್ಕೆ 86.

ಆದರೆ ಆ 98 ಸಿಗುವುದು ಅಲೆ ಅಂಚಿನಿಂದ ಅಂಚಿಗೆ ಆಡಿದಾಗ ಮಾತ್ರ. ಗದ್ದಲ ಇದ್ದಲ್ಲೇ ಇರುತ್ತದೆ, ಹಾಡು ತಗ್ಗಿದಷ್ಟೂ ಅಂತರ ಕರಗುತ್ತದೆ. ಧ್ವನಿ ಒಡೆದೀತೆಂಬ ಭಯದಿಂದ ರೆಕಾರ್ಡಿಂಗ್ ಮಟ್ಟವನ್ನು 12 ಡೆಸಿಬಲ್ ಇಳಿಸಿಟ್ಟವರು 16 ಬಿಟ್ ಯಂತ್ರವನ್ನು 14 ಬಿಟ್ಟಿನದಾಗಿ ಬಳಸಿದಂತೆಯೇ.

ಇದಕ್ಕಿಂತ ದೊಡ್ಡ ತೊಡಕು ತೀರಾ ಮೆಲುದನಿಯಲ್ಲಿದೆ. ತಪ್ಪು ಎಲ್ಲ ಬೆಲೆಗಳಲ್ಲೂ ಸಮನಾಗಿ ಹರಡಿರುತ್ತದೆ ಎಂದು ಮೇಲೆ ಊಹಿಸಿದ್ದೆವಲ್ಲ, ಅಲೆ ಹಲವಾರು ಮೆಟ್ಟಿಲುಗಳನ್ನು ದಾಟುವಾಗ ಮಾತ್ರ ಅದು ನಿಜ. ಸಿ.ಡಿ.ಯ ಗರಿಷ್ಠ ಮಟ್ಟಕ್ಕಿಂತ ಸುಮಾರು 90 ಡೆಸಿಬಲ್ ಕೆಳಗಿರುವ ಸೈನ್ ಅಲೆಯ ಎತ್ತರ ಒಂದೇ ಮೆಟ್ಟಿಲು. ಅದನ್ನು ಹಾಗೇ ಬರೆದರೆ ಪ್ಲಸ್ ಒಂದು, ಸೊನ್ನೆ, ಮೈನಸ್ ಒಂದು ಎಂಬ ಮೂರೇ ಅಂಕಿಗಳ ಚೌಕಟ್ಟಾದ ಏಣಿ ಉಳಿಯುತ್ತದೆ. ಅಲ್ಲಿ ತಪ್ಪು ‘ಸುಯ್’ ಎನ್ನುವುದಿಲ್ಲ. ಸ್ವರಕ್ಕೇ ಅಂಟಿಕೊಂಡು, ಅದರ ಮೂರು ಪಟ್ಟು, ಐದು ಪಟ್ಟು ಕಂಪನದ ಕರ್ಕಶ ಪಡಿನುಡಿಗಳಾಗುತ್ತದೆ. ಅರ್ಧ ಮೆಟ್ಟಿಲಿಗಿಂತ ಚಿಕ್ಕ ಅಲೆ, ಸೊನ್ನೆಯ ಸುತ್ತಲೇ ಆಡುತ್ತಿದ್ದರೆ, ಪೂರ್ತಿ ಮಾಯ.

ಇದಕ್ಕೆ ಕಂಡುಕೊಂಡ ಮದ್ದು ವಿಚಿತ್ರ: ಅಂಕಿಗೆ ಇಳಿಸುವ ಮೊದಲೇ ಬೇಕೆಂದು ಸ್ವಲ್ಪ ಗದ್ದಲ ಬೆರೆಸುವುದು. ಇದರ ಹೆಸರು ಡಿದರ್. ಧ್ವನಿಮುದ್ರಣದಲ್ಲಿ ಇದರ ಲೆಕ್ಕಾಚಾರವನ್ನು ಬಿಡಿಸಿಟ್ಟವರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಲಿಪ್‌ಶಿಟ್ಜ್ ಮತ್ತು ಜಾನ್ ವಾಂಡರ್‌ಕೂಯ್ ಮುಖ್ಯರು. ಎರಡು ಮೆಟ್ಟಿಲಿನ ಅಗಲದಲ್ಲಿ, ನಡುವೆ ದಟ್ಟವಾಗಿ ಅಂಚಿಗೆ ವಿರಳವಾಗುವ ಗದ್ದಲ ಬೆರೆಸಿದರೆ ತಪ್ಪಿನ ಬಲ ಸ್ವರದ ಏರಿಳಿತಕ್ಕೆ ಕುಣಿಯುವುದಿಲ್ಲ, ಪಡಿನುಡಿಗಳು ಹೋಗುತ್ತವೆ. ಬೆಲೆಯೂ ಇದೆ. ಒಟ್ಟು ಗದ್ದಲ Δ²/12ರಿಂದ Δ²/4ಕ್ಕೆ, ಅಂದರೆ ಮೂರು ಪಟ್ಟು ಏರುತ್ತದೆ. 98ರಲ್ಲಿ ಸುಮಾರು 5 ಡೆಸಿಬಲ್ ಹೋಗಿ 93 ಉಳಿಯುತ್ತದೆ. ಆ ಐದನ್ನು ಬಿಟ್ಟುಕೊಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ: ಮುಗಿಯುತ್ತಿರುವ ವೀಣೆಯ ನಾದ ಕರ್ಕಶವಾಗಿ ತುಂಡಾಗುವ ಬದಲು ಸಣ್ಣ ಸುಯ್ಲಿನ ಒಳಗೆ, ಅರ್ಧ ಮೆಟ್ಟಿಲಿಗಿಂತ ಕೆಳಕ್ಕಿಳಿದ ಮೇಲೂ, ಕೇಳಿಸುತ್ತಲೇ ಇರುತ್ತದೆ.